ಚರಗದ ಹೊಲದಲ್ಲಿ ಅನಿಮೇಷನ್ ಪಾತ್ರ: ಸಿದ್ಧಮಾದರಿಯ ಪ್ರಶ್ನೆ

ಎಳ್ಳಮಾವಾಸ್ಯೆಯನ್ನು ಕುರಿತ ಒಂದು ಕಿರು ಅನಿಮೇಷನ್ ಚಿತ್ರಕ್ಕಾಗಿ ಸಿದ್ಧವಾದ ಪಾತ್ರಗಳ ಮಾಡೆಲ್ ಶೀಟನ್ನು ಕೆಲಕಾಲದ ಹಿಂದೆ ನೋಡುವ ಅವಕಾಶ ಒದಗಿತ್ತು. ಹತ್ತು ವರ್ಷದ ಹುಡುಗಿಯೊಬ್ಬಳು ಇಳಕಲ್ ಸೀರೆಯುಟ್ಟು, ಮೂಗುತಿ ತೊಟ್ಟು, ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ನಿಂತಿದ್ದಳು. ಹಿನ್ನೆಲೆಯಲ್ಲಿ ಹಸಿರು ಭತ್ತದ ಗದ್ದೆ, ತೆಂಗಿನ ಸಾಲು. ಇದು ಇಂಡಿ ತಾಲೂಕಿನ ಕಥೆಯೆಂದು ಶೀಟಿನ ಮೇಲೆಯೇ ಬರೆದಿತ್ತು. ರಚಿಸಿದವರಲ್ಲಿ ಅಗೌರವದ ಭಾವನೆ ಇರಲಿಲ್ಲವೆಂಬುದು ಸ್ಪಷ್ಟ. ಹಾಗಿದ್ದೂ ಆ ಚಿತ್ರ ಇಂಡಿಯದಾಗಿರಲಿಲ್ಲ. ಗೌರವ ಮತ್ತು ಸಿದ್ಧಮಾದರಿ ಒಂದೇ ಚಿತ್ರದಲ್ಲಿ ಕೂಡಿ ಬಾಳಬಲ್ಲವು ಎಂಬುದೇ ಇಲ್ಲಿನ ತೊಡಕು.

ಮೊದಲು ಹಿನ್ನೆಲೆಯನ್ನು ನೋಡೋಣ. ಎಳ್ಳಮಾವಾಸ್ಯೆ ಬರುವುದು ಮಾರ್ಗಶಿರ ಬಹುಳದಲ್ಲಿ, ಅಂದರೆ ಡಿಸೆಂಬರ್-ಜನವರಿಯ ಸುಮಾರಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆನೆಲದಲ್ಲಿ ಆಗ ಹಿಂಗಾರಿನ ಬಿಳಿಜೋಳ ಎತ್ತರಕ್ಕೆ ನಿಂತಿರುತ್ತದೆ. ಜೊತೆಗೆ ಕಡಲೆ, ಕುಸುಬೆ. ಫಲ ಹೊತ್ತ ಭೂಮಿಗೆ ಬಯಕೆಯ ಊಟ ಉಣಿಸುವುದೇ ಆಚರಣೆಯ ತಿರುಳು. ಹೊಲದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಸಜ್ಜಿ ರೊಟ್ಟಿ, ಕಡುಬು, ಪಲ್ಯಗಳನ್ನು ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಮುಂದೆ ಒಬ್ಬರು ಚರಗ ಚೆಲ್ಲಿದರೆ ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ಬರುತ್ತಾರೆ. ಬೆಳೆ ಜೋಳದ್ದಲ್ಲದೆ ಭತ್ತದ್ದಾದರೆ ಕೇವಲ ಬಣ್ಣ ತಪ್ಪುವುದಿಲ್ಲ. ಆಚರಣೆಗೆ ಕಾರಣವೇ ಇಲ್ಲವಾಗುತ್ತದೆ. ಉಳಿಯುವುದು ಅನ್ನವನ್ನು ಮಣ್ಣಿಗೆ ಎಸೆಯುವ ವಿಚಿತ್ರ ಜನರ ಚಿತ್ರ. ಆಚರಣೆಯನ್ನು ಅದರ ಋತುವಿನಿಂದ ಬೇರ್ಪಡಿಸಿದ ಕ್ಷಣವೇ ಅದು ಮೂಢನಂಬಿಕೆಯಂತೆ ಕಾಣತೊಡಗುತ್ತದೆ.

ಉಡುಗೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಇಳಕಲ್ ಸೀರೆಯ ವಿಶೇಷ ಅದರ ಸೆರಗಿನಲ್ಲಿದೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಇದೇ ತೋಪ ತೆನಿ. ಸೆರಗಿನಲ್ಲಿ ಸಾಮಾನ್ಯವಾಗಿ ಮೂರು ಕೆಂಪು ಪಟ್ಟೆ, ಅವುಗಳ ನಡುವೆ ಎರಡು ಬಿಳಿಯ ಪಟ್ಟೆ. ಅದರ ಅಂಚಿಗೆ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಗಳ ಆಕಾರ. ಅನಿಮೇಷನ್ನಿನಲ್ಲಿ ಇದನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಪ್ರತಿ ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸಿದರೂ 12 ಚಿತ್ರಗಳು ಬೇಕು. ಅಷ್ಟೂ ಚಿತ್ರಗಳಲ್ಲಿ ತೆನೆಯನ್ನು ಮತ್ತೆ ಮತ್ತೆ ಬರೆಯಲಾಗದೆ, ಸ್ಟುಡಿಯೋಗಳು ಒಂದೋ ವಿನ್ಯಾಸವನ್ನು ಪೂರ್ತಿ ಕೈಬಿಡುತ್ತವೆ, ಇಲ್ಲವೇ ಸಿದ್ಧ ನಮೂನೆಯೊಂದನ್ನು ಮೇಲೆ ಅಂಟಿಸುತ್ತವೆ. ಅಂಟಿಸಿದ್ದು ಬೇಗ ಗುರುತಿಗೆ ಸಿಗುತ್ತದೆ: ಪಾತ್ರ ತಿರುಗಿದಾಗ ಬಟ್ಟೆ ಮಡಿಚಿಕೊಂಡರೂ ನಮೂನೆ ಮಡಿಚಿಕೊಳ್ಳುವುದಿಲ್ಲ.

ಸರಳೀಕರಣವಿಲ್ಲದೆ ಅನಿಮೇಷನ್ ಇಲ್ಲ ಎಂಬ ಕಲಾವಿದರ ವಾದವನ್ನು ನಾನು ಒಪ್ಪುತ್ತೇನೆ. ಜಾನಪದ ವಿದ್ವಾಂಸರಾದ ನಾವು ಪ್ರತಿ ಎಳೆಯನ್ನೂ ಕೇಳುವುದು ಅತಿಯೇ ಸರಿ. ಆದರೆ ಏನನ್ನು ಬಿಡಬೇಕೆಂಬ ಆಯ್ಕೆ ತಿಳಿವಳಿಕೆಯಿಂದ ಆಗಬೇಕು. ತೆನೆಗಳನ್ನು ಬಿಡಬಹುದು, ಕೆಂಪು-ಬಿಳಿಯ ಐದು ಪಟ್ಟೆಗಳನ್ನೂ ಒಡಲು-ಸೆರಗು ಕೂಡುವ ಗೆರೆಯನ್ನೂ ಉಳಿಸಬಹುದು. ಇವು ದೂರದಿಂದಲೂ ಕಾಣುತ್ತವೆ, ಬರೆಯಲು ಹೆಚ್ಚು ಶ್ರಮವೂ ಇಲ್ಲ. ಈ ಶೀಟಿನಲ್ಲಿ ಆಗಿದ್ದು ತದ್ವಿರುದ್ಧ: ಐದು ಪಟ್ಟೆಗಳು ಹೋಗಿ, ಯಾವ ಸೀರೆಗಾದರೂ ಒಪ್ಪುವ ಚಿನ್ನದ ಜರಿಯಂಚು ಬಂದಿತ್ತು.

ಅಷ್ಟಕ್ಕೂ ಆ ಸೀರೆ ಹುಡುಗಿಯದಲ್ಲ, ಅಜ್ಜಿಯದು. ತಲೆಯ ಮೇಲೆ ಸೆರಗು ಹೊದ್ದು, ಕೆಲಸಕ್ಕೆ ಬಗ್ಗುವಾಗ ಅದರ ತುದಿಯನ್ನು ನಡುವಿಗೆ ಸಿಕ್ಕಿಸುವ ಅವಳ ಚಲನೆಯೇ ಪಾತ್ರವನ್ನು ಕಟ್ಟುತ್ತದೆ. ಹಿಂದಿನ ತಲೆಮಾರಿನ ಹುಡುಗಿಗೆ ಪರಕಾರ-ಪೋಲಕ. ಇಂದಿನವಳು ಚರಗಕ್ಕೆ ಚೂಡಿದಾರದಲ್ಲೇ ಬರುತ್ತಾಳೆ. ಒಂದೇ ಬಂಡಿಯಲ್ಲಿ, ಅಥವಾ ಟ್ರ್ಯಾಕ್ಟರಿನಲ್ಲಿ, ಮೂರು ತಲೆಮಾರಿನ ಮೂರು ಬಗೆಯ ಉಡುಗೆಗಳು ಕುಳಿತರೆ ಪ್ರದೇಶವು ಕಾಲದೊಳಗೆ ಬದುಕುತ್ತಿದೆಯೆಂದು ಮಗುವಿಗೂ ತಿಳಿಯುತ್ತದೆ. ಎಲ್ಲರಿಗೂ ಒಂದೇ ವೇಷ ತೊಡಿಸಿದರೆ ಅದು ಸ್ತಬ್ಧಚಿತ್ರದ ಮೆರವಣಿಗೆ. ಉಡುಗೆಯಿಂದಲೇ ಧರ್ಮವನ್ನು ಸೂಚಿಸುವ ರೂಢಿಯೂ ಇಲ್ಲಿ ಸಲ್ಲದು. ಮೊಹರಮ್ಮಿನ ಅಲಾಯಿ ಕುಣಿತ, ರಿವಾಯತ್ ಹಾಡುಗಳಲ್ಲಿ ಹಿಂದೂಗಳೂ ಪಾಲುಗೊಳ್ಳುವ ಜಿಲ್ಲೆಯಿದು. ಟೋಪಿ ಮತ್ತು ಕುಂಕುಮಗಳ ಎರಡು ಗುಂಪು ಬರೆದರೆ ಊರೇ ಸುಳ್ಳಾಗುತ್ತದೆ.

2013ರಲ್ಲಿ ಡಿಸ್ನಿ ಸಂಸ್ಥೆ ಮೆಕ್ಸಿಕೋದ ಮೃತರ ಹಬ್ಬದ ಹೆಸರಿಗೇ ಟ್ರೇಡ್‌ಮಾರ್ಕ್ ಕೇಳಿ, ಪ್ರತಿಭಟನೆಯ ನಂತರ ಹಿಂತೆಗೆದುಕೊಂಡಿತು. ಅದನ್ನು ವ್ಯಂಗ್ಯಚಿತ್ರದಲ್ಲಿ ಕಟುವಾಗಿ ಟೀಕಿಸಿದ್ದ ಲಾಲೋ ಅಲ್ಕರಾಜ್ ಅವರನ್ನೇ ಮುಂದೆ 2017ರ 'ಕೋಕೋ' ಚಿತ್ರಕ್ಕೆ ಸಲಹೆಗಾರರನ್ನಾಗಿ ಕರೆಯಲಾಯಿತು. ನಮ್ಮಲ್ಲಿ ಸಲಹೆ ಕೇಳುವ ವೇಳೆಗೆ ಪಾತ್ರಗಳು ಬಣ್ಣ ತುಂಬಿಕೊಂಡು ನಿಂತಿರುತ್ತವೆ. ನಾನು ನೋಡಿದ ಶೀಟಿನಲ್ಲಿ ಗದ್ದೆಯನ್ನು ಜೋಳದ ಹೊಲವಾಗಿಸುವುದಷ್ಟೇ ಸಾಧ್ಯವಾಯಿತು. ಹುಡುಗಿ ಸೀರೆಯಲ್ಲೇ ಉಳಿದಳು. ಅವಳ ಚಲನೆಯ ಚಿತ್ರಗಳು ಅದಾಗಲೇ ಮುಗಿದಿದ್ದವು.