ಕೆಜಿಎಫ್ ಮುಚ್ಚಿದಾಗ ಚಿನ್ನ ಯಾಕೆ ಅಷ್ಟು ಅಗ್ಗವಿತ್ತು? ಇನ್ನೂ ಅಗೆಯದ ಚಿನ್ನವನ್ನು ಮಾರಿದವರ ಕತೆ

ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರುವರಿ 28ರಂದು. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿರಲಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಕೋಲಾರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಹಾಗಾಗಿ ಈ ಕಡೆಯವರಿಗೂ ಅದು ‘ನಮ್ಮ ಜಿಲ್ಲೆಯ ಗಣಿ’. ಅದು ಮುಚ್ಚಿದ್ದಕ್ಕೆ ಹೇಳುವ ಕಾರಣಗಳೆಲ್ಲ ನಿಜವೇ: ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ, ಅದಿರಿನಲ್ಲಿ ಕಡಿಮೆಯಾಗುತ್ತಾ ಹೋದ ಚಿನ್ನ, ವರ್ಷದಿಂದ ವರ್ಷಕ್ಕೆ ನಷ್ಟ. ಆದರೆ ನಷ್ಟಕ್ಕೆ ಎರಡು ಬದಿ ಇರುತ್ತೆ, ಒಂದು ಖರ್ಚು, ಇನ್ನೊಂದು ಬೆಲೆ. ಆ ವಾರ ಲಂಡನ್ನಿನಲ್ಲಿ ಒಂದು ಔನ್ಸ್, ಅಂದರೆ 31 ಗ್ರಾಂ ಚಿನ್ನದ ಬೆಲೆ 260 ಡಾಲರ್ ಆಸುಪಾಸಿನಲ್ಲಿತ್ತು. 1980ರ ಜನವರಿಯಲ್ಲಿ ಅದು 850 ಡಾಲರ್ ಮುಟ್ಟಿತ್ತು.

ಇಪ್ಪತ್ತು ವರ್ಷದಲ್ಲಿ ಬೆಲೆ ಮೂರನೇ ಒಂದು ಭಾಗಕ್ಕೆ ಇಳಿಯಲು ಹಲವು ಕಾರಣಗಳಿದ್ದವು. ಡಾಲರ್ ಬಲವಾಗಿತ್ತು, ಹಣದುಬ್ಬರ ತಣ್ಣಗಾಗಿತ್ತು, ಯುರೋಪಿನ ಕೇಂದ್ರ ಬ್ಯಾಂಕುಗಳು ತಮ್ಮ ಚಿನ್ನ ಮಾರುತ್ತಿದ್ದವು. ಇವನ್ನು ಎಲ್ಲರೂ ಹೇಳ್ತಾರೆ. ಕಡಿಮೆ ಹೇಳುವ ಕಾರಣ ಇನ್ನೊಂದಿದೆ. ಬೇರೆ ದೇಶಗಳ ಚಿನ್ನದ ಗಣಿ ಕಂಪನಿಗಳು ತಾವಿನ್ನೂ ನೆಲದಿಂದ ಎತ್ತದ ಚಿನ್ನವನ್ನು ಮೊದಲೇ ಮಾರಿಬಿಟ್ಟಿದ್ದವು. ಇದಕ್ಕೆ ಹೆಡ್ಜಿಂಗ್ ಅಂತ ಹೆಸರು.

ಇದರ ಅರ್ಧ ಭಾಗ ನಮ್ಮೂರಿನವರಿಗೆ ಹೊಸದಲ್ಲ. ಚಿಂತಾಮಣಿ ಕಡೆ ಮಾವಿನ ತೋಪು ಇರುವವರು ಮರ ಹೂ ಬಿಟ್ಟಾಗಲೇ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಡೋದುಂಟು. ದುಡ್ಡು ಮೊದಲೇ ಮಾತಾಗಿರುತ್ತೆ. ಮುಂದೆ ಬೆಲೆ ಬಿದ್ದರೆ ವ್ಯಾಪಾರಿಯ ಪಾಡು, ಏರಿದರೆ ಅವನ ಅದೃಷ್ಟ. ತೋಟದವರಿಗೆ ಬೇಕಾಗಿದ್ದು ನಿಶ್ಚಿತತೆ, ಅದಕ್ಕಾಗಿ ಮುಂದಿನ ಲಾಭದ ಆಸೆಯನ್ನು ಬಿಟ್ಟುಕೊಟ್ಟರು, ಅಷ್ಟೇ. ಗಣಿ ಕಂಪನಿಯೂ ಇದೇ ಲೆಕ್ಕ ಹಾಕುತ್ತೆ. ಗಣಿ ತೋಡಲು ವರ್ಷಗಟ್ಟಲೆ ಬೇಕು, ಸಾಲ ದೊಡ್ಡದು. ಒಂದು ಔನ್ಸ್ ತೆಗೆಯಲು 250 ಡಾಲರ್ ಖರ್ಚು, ಇವತ್ತಿನ ಬೆಲೆ 300 ಅಂತಿಟ್ಟುಕೊಳ್ಳಿ. ಬೆಲೆ 240ಕ್ಕೆ ಇಳಿದರೆ ಸಾಲದ ಕಂತು ಕಟ್ಟೋದು ಹೇಗೆ? ಅದಕ್ಕೇ ಸಾಲ ಕೊಡುವ ಬ್ಯಾಂಕುಗಳೇ ಎಷ್ಟೋ ಸಲ ಹೇಳುತ್ತವೆ: ಮೊದಲ ಕೆಲವು ವರ್ಷದ ಉತ್ಪಾದನೆಯಲ್ಲಿ ಒಂದು ಪಾಲನ್ನು ಈಗಲೇ ಬೆಲೆ ಕಟ್ಟಿ ಮಾರಿ, ಆಮೇಲೆ ಸಾಲದ ಮಾತು.

ಇನ್ನರ್ಧ ಮಾತ್ರ ಮಾವಿನ ಥರ ಅಲ್ಲ. ಹೂವಿನಲ್ಲೇ ಗುತ್ತಿಗೆ ಆದ ತೋಪಿನಿಂದ ಇವತ್ತಿನ ಮಂಡಿಗೆ ಒಂದು ಹಣ್ಣೂ ಹೆಚ್ಚಾಗಿ ಬರಲ್ಲ. ಟೊಮೇಟೊ ಕೂಡ ಅಷ್ಟೇ, ಮುಂದಿನ ತಿಂಗಳ ಬೆಳೆಗೆ ಬೆಲೆ ಮಾತಾಡಿದರೆ ಚಿಂತಾಮಣಿ ಮಾರುಕಟ್ಟೆಗೆ ಇವತ್ತೇ ಒಂದು ಬಾಕ್ಸ್ ಜಾಸ್ತಿ ಇಳಿಯಲ್ಲ. ಹಣ್ಣು ಕೊಳೆಯುತ್ತೆ, ಯಾರೂ ದಾಸ್ತಾನು ಇಟ್ಟು ಸಾಲ ಕೊಡಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಕತೆಯೂ ಇದೇ, ಗೂಡಿನಿಂದ ಚಿಟ್ಟೆ ಹೊರಬರುವ ಮೊದಲು ಅದು ಹರಾಜಾಗಲೇಬೇಕು. ಚಿನ್ನ ಕೊಳೆಯಲ್ಲ. ಕೇಂದ್ರ ಬ್ಯಾಂಕುಗಳ ನೆಲಮಾಳಿಗೆಯಲ್ಲಿ ಸಾವಿರಾರು ಟನ್ ಸುಮ್ಮನೆ ಬಿದ್ದಿರುತ್ತೆ. ಹಾಗಾಗಿ ಅದನ್ನು ಸಾಲವಾಗಿ ಪಡೆದು ಮಾರಬಹುದು. ಮುಂದಿನ ವರ್ಷದ ಚಿನ್ನ ಇವತ್ತೇ ಮಾರುಕಟ್ಟೆಗೆ ಬರುವುದು ಈ ದಾರಿಯಲ್ಲಿ.

ಅದು ನಡೆಯೋದು ಹೀಗೆ. ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನು ಇಟ್ಟುಕೊಂಡವು, ಕ್ರಮ ಮಾತ್ರ ನಿಜವಾದದ್ದೇ. ಗಣಿ ಕಂಪನಿ ಒಂದು ಬ್ಯಾಂಕಿನ ಬಳಿ ಬಂದು, ವರ್ಷ ಬಿಟ್ಟು ಒಂದು ಔನ್ಸ್ ಕೊಡುತ್ತೇನೆ, ಈಗಲೇ ಬೆಲೆ ಹೇಳಿ ಅನ್ನುತ್ತೆ. ಬ್ಯಾಂಕಿಗೂ ಬೆಲೆ ಬೀಳುವ ಭಯ ಇದ್ದೇ ಇದೆ. ಅದು ಒಂದು ಕೇಂದ್ರ ಬ್ಯಾಂಕಿನಿಂದ ಒಂದು ಔನ್ಸ್ ಚಿನ್ನವನ್ನು ಶೇ 1ರ ಬಾಡಿಗೆಗೆ ವರ್ಷದ ಮಟ್ಟಿಗೆ ಸಾಲ ತರುತ್ತೆ, ತಂದ ದಿನವೇ 300 ಡಾಲರಿಗೆ ಮಾರುತ್ತೆ, ಆ ಹಣವನ್ನು ಶೇ 5ರ ಬಡ್ಡಿಗೆ ಹಾಕುತ್ತೆ. ವರ್ಷದ ಕೊನೆಗೆ ಕೈಯಲ್ಲಿ 315 ಡಾಲರ್. ಅದರಲ್ಲಿ ಚಿನ್ನದ ಬಾಡಿಗೆ 3 ಡಾಲರ್ ಕಳೆದರೆ 312. ತನ್ನ ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಗಣಿಗೆ ಕೊಡುತ್ತೆ. ಗಣಿ ಕೊಟ್ಟ ಔನ್ಸ್ ನೇರ ಕೇಂದ್ರ ಬ್ಯಾಂಕಿಗೆ ವಾಪಸ್. ಇವತ್ತಿನ ಬೆಲೆ 300 ಇದ್ದಾಗ ಗಣಿಗೆ ಹತ್ತಿರ ಹತ್ತಿರ 312 ಸಿಕ್ಕಿತು. ಬೆಲೆ ಬೀಳುತ್ತಿದ್ದ ಆ ವರ್ಷಗಳಲ್ಲಿ ಕಂಪನಿಗಳು ಇದಕ್ಕೆ ಮುಗಿಬಿದ್ದದ್ದರಲ್ಲಿ ಆಶ್ಚರ್ಯ ಇಲ್ಲ.

ಈ ಲೆಕ್ಕದಲ್ಲಿ ಮಾರುಕಟ್ಟೆಗೆ ಚಿನ್ನ ಬಂದದ್ದು ಯಾವಾಗ ಅಂತ ಗಮನಿಸಿ. ಒಪ್ಪಂದವಾದ ದಿನ. ಗಣಿಯಿಂದ ನಿಜವಾದ ಚಿನ್ನ ಹೊರಬಂದ ದಿನ ಮಾರುಕಟ್ಟೆಗೆ ಏನೂ ಬರಲಿಲ್ಲ, ಅದು ಸಾಲ ತೀರಿಸಲು ಹೋಯಿತು. ಅಂದರೆ ಒಂದೇ ಒಪ್ಪಂದ ಮೊದಲು ಬೆಲೆಯನ್ನು ಕೆಳಗೆ ಒತ್ತುತ್ತೆ, ವರ್ಷ ಬಿಟ್ಟು ಅದೇ ಬೆಲೆಗೆ ಆಸರೆಯಾಗುತ್ತೆ. ‘ಹೆಡ್ಜಿಂಗ್ ಬೆಲೆ ಕೆಡಿಸುತ್ತೆ’ ಅಂತ ಒಂದೇ ಮಾತಲ್ಲಿ ಬರೆಯುವವರು ಈ ಎರಡನೇ ಅರ್ಧವನ್ನು ಬಿಟ್ಟೇ ಬಿಡ್ತಾರೆ. ನೋಡಬೇಕಾದದ್ದು ಒಟ್ಟು ಎಷ್ಟು ಚಿನ್ನ ಹೀಗೆ ಮುಂಗಡ ಮಾರಾಟವಾಗಿದೆ ಅಂತಲ್ಲ, ಆ ರಾಶಿ ಈ ವರ್ಷ ಬೆಳೆಯುತ್ತಿದೆಯಾ, ಕರಗುತ್ತಿದೆಯಾ ಅಂತ.

1990ರ ದಶಕದಲ್ಲಿ ಅದು ಬೆಳೆಯುತ್ತಲೇ ಇತ್ತು. ದಶಕದ ಕೊನೆಗೆ ಲೋಕದ ಗಣಿ ಕಂಪನಿಗಳ ಮುಂಗಡ ಮಾರಾಟದ ರಾಶಿ ಸುಮಾರು 3,000 ಟನ್ ತಲುಪಿತ್ತು. ಆಗ ಇಡೀ ಲೋಕದ ಗಣಿಗಳೆಲ್ಲ ಸೇರಿ ವರ್ಷಕ್ಕೆ ತೆಗೆಯುತ್ತಿದ್ದದ್ದು ಸುಮಾರು 2,500 ಟನ್. ಒಂದು ವರ್ಷಕ್ಕೂ ಮೀರಿದ ಉತ್ಪಾದನೆ ನೆಲದೊಳಗೆ ಇದ್ದಂತೆಯೇ ಮಾರಾಟವಾಗಿತ್ತು. ಅದರಲ್ಲೊಂದು ಸುಳಿಯೂ ಇತ್ತು: ಬೆಲೆ ಬಿದ್ದಷ್ಟೂ ಕಂಪನಿಗಳಿಗೆ ಭಯ, ಭಯವಾದಷ್ಟೂ ಮುಂಗಡ ಮಾರಾಟ, ಮಾರಿದಷ್ಟೂ ಬೆಲೆ ಇನ್ನೂ ಕೆಳಗೆ. ಒಬ್ಬೊಬ್ಬ ಗಣಿ ಮಾಲೀಕನಿಗೆ ಜಾಣತನ ಅನ್ನಿಸಿದ್ದು ಒಟ್ಟಾಗಿ ಎಲ್ಲ ಗಣಿಗಳ ಬೆಲೆಯನ್ನೂ ತಿನ್ನುತ್ತಿತ್ತು.

ಆ ಬೆಲೆಯನ್ನೇ ಕೆಜಿಎಫ್ ಕೂಡ ಎದುರಿಸಬೇಕಿತ್ತು. ಆದರೆ ಆ ಆಟ ಆಡುವ ಅವಕಾಶ ಇಲ್ಲಿ ಇರಲಿಲ್ಲ. ಭಾರತದಲ್ಲಿ ಚಿನ್ನದ ಮುಂಗಡ ವ್ಯಾಪಾರಕ್ಕೆ 1962ರಲ್ಲಿ ಬಿದ್ದ ನಿಷೇಧ ತೆರವಾದದ್ದು 2003ರಲ್ಲಿ, ಗಣಿ ಮುಚ್ಚಿ ಎರಡು ವರ್ಷದ ಮೇಲೆ. ಹಾಗಂತ ಹೆಡ್ಜಿಂಗ್ ಇದ್ದಿದ್ದರೆ ಕೆಜಿಎಫ್ ಉಳಿಯುತ್ತಿತ್ತು ಅಂತ ನಾನು ಹೇಳಲ್ಲ. ತೆಗೆಯುವ ಖರ್ಚೇ ಮಾರುವ ಬೆಲೆಯನ್ನು ದಾಟಿದ್ದ ಗಣಿಗೆ, ವರ್ಷಕ್ಕೆ ಶೇ 4 ಹೆಚ್ಚು ಕೊಡುವ ಒಪ್ಪಂದದಿಂದ ನಷ್ಟ ನಿಶ್ಚಿತವಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಗಣಿಗೆ ಬೇಕಾಗಿದ್ದು ಕೆಲವು ವರ್ಷ ಕಾಯುವ ಶಕ್ತಿ. ಅದನ್ನು ಕೊಡಬಹುದಾಗಿದ್ದದ್ದು ಮಾಲೀಕ, ಅಂದರೆ ಕೇಂದ್ರ ಸರ್ಕಾರ. ಅದು ಕೊಡಲಿಲ್ಲ.

ಬೆಲೆ ತಿರುಗಿದ ಬಗೆ ಕೂಡ ಇದೇ ಕತೆಯ ಭಾಗ. 1999ರ ಸೆಪ್ಟೆಂಬರ್ 26ರಂದು ವಾಷಿಂಗ್ಟನ್‌ನಲ್ಲಿ ಯುರೋಪಿನ 15 ಕೇಂದ್ರ ಬ್ಯಾಂಕುಗಳು ಒಂದು ಹೇಳಿಕೆ ಕೊಟ್ಟವು: ಐದು ವರ್ಷ ನಾವು ವರ್ಷಕ್ಕೆ ಸುಮಾರು 400 ಟನ್‌ಗಿಂತ ಹೆಚ್ಚು ಮಾರಲ್ಲ, ಚಿನ್ನದ ಸಾಲವನ್ನೂ ಈಗಿರುವುದಕ್ಕಿಂತ ಹೆಚ್ಚಿಸಲ್ಲ. ಆ ಸಾಲದ ಚಿನ್ನವೇ ಹೆಡ್ಜಿಂಗ್‌ಗೆ ಇಂಧನ. ಕೆಲವೇ ದಿನಗಳಲ್ಲಿ ಬೆಲೆ 265ರ ಸುಮಾರಿನಿಂದ 325 ಡಾಲರ್‌ಗೆ ಜಿಗಿಯಿತು. ಗಣಿಗಳಿಗೆ ಹಬ್ಬ ಅಂತ ತಾನೇ ಅನ್ನಿಸೋದು? ಘಾನಾ ದೇಶದ ಅಶಾಂತಿ ಗೋಲ್ಡ್‌ಫೀಲ್ಡ್ಸ್ ಕಂಪನಿ ಅದೇ ವಾರ ದಿವಾಳಿಯ ಅಂಚಿಗೆ ಬಂತು. ಅದು ಹಲವು ವರ್ಷಗಳ ಉತ್ಪಾದನೆಯನ್ನು ಮೊದಲೇ ಮಾರಿತ್ತು, ಬರೀ ನೇರ ಒಪ್ಪಂದಗಳಲ್ಲದೆ ಬೆಲೆ ಏರಿದರೆ ಹೊರೆ ಹೆಚ್ಚುವ ಬಗೆಯ ಒಪ್ಪಂದಗಳೂ ಅದರಲ್ಲಿದ್ದವು. ಬೆಲೆ ಏರಿದ ಕೂಡಲೇ ಆ ಒಪ್ಪಂದಗಳೆಲ್ಲ ಕಾಗದದ ಮೇಲೆ ನಷ್ಟವಾದವು, ಬ್ಯಾಂಕುಗಳು ಭದ್ರತೆಯಾಗಿ ಸುಮಾರು 27 ಕೋಟಿ ಡಾಲರ್ ನಗದು ಇಡಿ ಅಂದವು. ಅಶಾಂತಿಯ ಬಳಿ ಚಿನ್ನ ಇತ್ತು, ಆದರೆ ಅದು ಒಬುವಾಸಿಯ ನೆಲದೊಳಗಿತ್ತು. ಕೊನೆಗೆ ನಗದಿಗೆ ಮೂರು ವರ್ಷ ಒತ್ತಾಯ ಮಾಡದಿರಲು ಕಂಪನಿಯ ಶೇ 15ರಷ್ಟು ಷೇರುಗಳ ಮೇಲಿನ ಹಕ್ಕನ್ನು ಬ್ಯಾಂಕುಗಳಿಗೆ ಬಿಟ್ಟುಕೊಡಬೇಕಾಯಿತು. 2004ರಲ್ಲಿ ಅದು ಆಂಗ್ಲೋಗೋಲ್ಡ್ ಜೊತೆ ವಿಲೀನವಾಯಿತು. ಮಾಮೂಲಿ ಹೆಡ್ಜಿಂಗ್‌ನಲ್ಲಿ ಎಡವೋದು ಇಲ್ಲೇ: ಬರಬೇಕಾದ ಲಾಭ ನಿಧಾನವಾಗಿ, ಔನ್ಸ್ ಔನ್ಸಾಗಿ ಬರುತ್ತೆ. ಕಟ್ಟಬೇಕಾದ ನಗದು ನಾಳೆ ಬೆಳಿಗ್ಗೆಯೇ ಬೇಕು.

ಆಮೇಲೆ ಹತ್ತು ವರ್ಷ ಚಕ್ರ ಉಲ್ಟಾ ತಿರುಗಿತು. ಕಂಪನಿಗಳು ಹಳೆಯ ಒಪ್ಪಂದಗಳಿಗೆ ಚಿನ್ನ ತಲುಪಿಸಿದವು, ಹೊಸದು ಮಾಡಲಿಲ್ಲ. ಇನ್ನು ಕೆಲವರು ಮಾರುಕಟ್ಟೆಯಿಂದಲೇ ಚಿನ್ನ ಕೊಂಡು ಲೆಕ್ಕ ಮುಗಿಸಿದರು. 2007ರ ಒಂದೇ ವರ್ಷದಲ್ಲಿ ಹೀಗೆ ಕರಗಿದ್ದು ಸುಮಾರು 400 ಟನ್, ಅಷ್ಟು ಚಿನ್ನ ಮಾರುಕಟ್ಟೆಗೆ ಸಿಗಲೇ ಇಲ್ಲ. ಕೆನಡಾದ ಬ್ಯಾರಿಕ್ 2009ರಲ್ಲಿ ಷೇರು ಮಾರಿ ದುಡ್ಡು ತಂದು ತನ್ನ ಒಪ್ಪಂದಗಳನ್ನು ಮುಚ್ಚಿತು, ಅದಕ್ಕಾಗಿ 560 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಆಗ ಚಿನ್ನ 1,000 ಡಾಲರ್ ದಾಟಿತ್ತು. ಬೆಲೆ ಏರಿದ್ದು ಇದರಿಂದಲೇ ಅನ್ನೋದು ಅತಿಯಾಗುತ್ತೆ. 2008ರ ಬ್ಯಾಂಕಿಂಗ್ ಕುಸಿತ, ಬಡ್ಡಿ ಇಳಿಕೆ ಎಲ್ಲ ಸೇರಿವೆ. ಆದರೆ ವರ್ಷಕ್ಕೆ ಕೆಲವು ನೂರು ಟನ್ ಕೊಳ್ಳುವ ಈ ಗಿರಾಕಿ ಬೆಲೆ ಎಷ್ಟೇ ಏರಿದರೂ ಹಿಂದೆ ಸರಿಯಲಿಲ್ಲ ಅನ್ನೋದೂ ನಿಜ.

ಇದನ್ನು ಈಗ ಯಾಕೆ ಬರೆಯಬೇಕು ಅಂದರೆ, ಕೆಜಿಎಫ್ ಮತ್ತೆ ಕಡತಗಳಲ್ಲಿ ಓಡಾಡುತ್ತಿದೆ. ಅಲ್ಲಿನ ಸೈನೈಡ್ ದಿಬ್ಬಗಳಿರುವ ಸುಮಾರು ಸಾವಿರ ಎಕರೆಯಲ್ಲಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಮಣ್ಣಿನಲ್ಲಿ ಟನ್‌ಗೆ ಒಂದು ಗ್ರಾಂಗೂ ಕಡಿಮೆ ಚಿನ್ನ. ಲಾಭದ ಅಂಚು ಇಷ್ಟು ತೆಳ್ಳಗಿರುವ ಯೋಜನೆಗೆ ಸಾಲ ಕೊಡುವವರು ಮೊದಲ ವರ್ಷಗಳ ಚಿನ್ನವನ್ನು ಮುಂಗಡ ಮಾರಿ ಅಂತ ಕೇಳುವ ಸಾಧ್ಯತೆ ಹೆಚ್ಚು. ಕೇಳಿದರೆ ತಪ್ಪೂ ಅಲ್ಲ. ಲೋಕದ ಬೆಲೆಗೆ ಅದರಿಂದ ಏನೂ ಆಗಲ್ಲ, ಪ್ರಮಾಣ ಅಷ್ಟು ಚಿಕ್ಕದು. ಆದರೆ ಇಲ್ಲೊಂದು ಕೊಕ್ಕೆ ಇದೆ. ನಮ್ಮಲ್ಲಿ ಚಿನ್ನದ ಅದಿರಿನ ರಾಯಲ್ಟಿ ಲಂಡನ್ ಬೆಲೆಯ ಶೇ 4, ಕಂಪನಿಗೆ ಸಿಕ್ಕ ಬೆಲೆಯ ಶೇ 4 ಅಲ್ಲ. ನೂರು ರೂಪಾಯಿಗೆ ಮೊದಲೇ ಮಾರಿದ ಚಿನ್ನದ ಬೆಲೆ ನೂರೈವತ್ತಕ್ಕೆ ಏರಿದರೆ ರಾಯಲ್ಟಿ ನಾಲ್ಕಲ್ಲ, ಆರು ರೂಪಾಯಿ. ಆ ಆರು ಬರಬೇಕಾದದ್ದು ಅದೇ ನೂರರೊಳಗಿಂದ. ಕೂಲಿ, ಕರೆಂಟು, ಡೀಸೆಲ್ ಏರಿದರೆ ಅದೂ ಅಲ್ಲಿಂದಲೇ. ಹಾಗಾಗಿ ಟೆಂಡರ್ ಆದಾಗ ಶಾಸಕರು, ಸಂಸದರು ಕೇಳಬೇಕಾದದ್ದು ಎರಡು: ಎಷ್ಟನೇ ವರ್ಷದವರೆಗಿನ, ಎಷ್ಟು ಪಾಲು ಚಿನ್ನವನ್ನು ಮುಂಗಡ ಮಾರಲಾಗಿದೆ? ಬೆಲೆ ಏರಿದ ದಿನ ಬ್ಯಾಂಕು ನಗದು ಕೇಳುವ ಹಕ್ಕು ಆ ಒಪ್ಪಂದದಲ್ಲಿ ಇದೆಯಾ?