ಉರಿಮೂತ್ರಕ್ಕೆ ಸಿಪ್ರೊ: ಹಳೆಯ ಚೀಟಿ ಬದಲಾಗಲಿ

ಉರಿಮೂತ್ರವೆಂದು ಬಂದವರಿಗೆ ಸಿಪ್ರೊಫ್ಲಾಕ್ಸಾಸಿನ್ ಇಲ್ಲವೇ ಸೆಫಿಕ್ಸಿಮ್ ಬರೆದುಕೊಡುವ ರೂಢಿಗೆ ಕಾಲ ಮುಗಿಯುತ್ತಿದೆ. ಮೂತ್ರಸೋಂಕಿಗೆ ಮುಖ್ಯ ಕಾರಣವಾದ ಇ. ಕೋಲಿ ಈ ಎರಡೂ ಬಗೆಯ ಔಷಧಗಳಿಗೆ ಬಗ್ಗುವುದು ಕಡಿಮೆಯಾಗಿದೆ ಎಂದು ಐಸಿಎಂಆರ್ ವರದಿಗಳು ಹೇಳುತ್ತಲೇ ಇವೆ. ಅವು ಬಹುಪಾಲು ದೊಡ್ಡ ಆಸ್ಪತ್ರೆಗಳ ಲೆಕ್ಕ. ಕೊಳ್ಳೇಗಾಲ, ಹನೂರು, ಯಳಂದೂರಿನ ಲೆಕ್ಕವನ್ನು ನಾವೇ ಇಡಬೇಕು. ಅಲ್ಲಿಯವರೆಗೆ ಹೊರರೋಗಿ ಕೊಠಡಿಯ ಗೋಡೆಗೆ ಒಂದು ಪುಟದ ಮಾರ್ಗಸೂಚಿ ಬೇಕು.

ಜ್ವರವಿಲ್ಲದ, ಗರ್ಭಿಣಿಯಲ್ಲದ ಹೆಂಗಸಿಗೆ ಬರೀ ಉರಿಮೂತ್ರವಾದರೆ ನೈಟ್ರೊಫ್ಯುರಾಂಟಾಯಿನ್ 100 ಮಿ.ಗ್ರಾಂ, ದಿನಕ್ಕೆರಡು ಸಲ, ಊಟದ ಜೊತೆ, 5 ದಿನ. ಮೂತ್ರಪಿಂಡ ತೀರಾ ಸೋತವರಿಗೆ ಇದು ಬೇಡ.

ಆದರೆ ಹನೂರಿನ ಕಡೆಯಿಂದ ಸಕ್ಕರೆ ಕಾಯಿಲೆಯ ಅರವತ್ತರ ಅಜ್ಜಿಯೊಬ್ಬರು ನಡುಕದ ಜ್ವರ, ಪಕ್ಕೆನೋವು ಎಂದು ಬಂದರು ಎನ್ನಿ. ಸೋಂಕು ಮೂತ್ರಪಿಂಡಕ್ಕೇರಿದೆ. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಷ್ಟೇ ಸಾಕಷ್ಟು ಸೇರುತ್ತದೆ, ಮೂತ್ರಪಿಂಡದ ಮಾಂಸದಲ್ಲಿ ಅಲ್ಲ. ಆದ್ದರಿಂದ ಇಲ್ಲಿ ಅದು ನಡೆಯದು. ಮೊದಲು ಬಿಪಿ ನೋಡಿ, ಕ್ರಿಯಾಟಿನಿನ್‌ಗೆ ರಕ್ತ ತೆಗೆಯಿರಿ. ಔಷಧದ ಮೊದಲ ಡೋಸ್‌ಗೂ ಮುಂಚೆ ನಡುಧಾರೆಯ ಮೂತ್ರವನ್ನು ಸ್ಟೆರೈಲ್ ಡಬ್ಬಿಗೆ ಹಿಡಿಯಿರಿ. ಮೂತ್ರಪಿಂಡ ಚೆನ್ನಾಗಿದ್ದರೆ ಅಮಿಕಾಸಿನ್, ಕೆ.ಜಿ.ಗೆ 15 ಮಿ.ಗ್ರಾಂ, ದಿನಕ್ಕೊಂದು ಸಲ. ಬಿಪಿ ಇಳಿದಿದ್ದರೆ ಮಾದರಿಗಾಗಿ ಕಾಯಬೇಡಿ, ಮೊದಲ ಡೋಸ್ ಕೊಟ್ಟೇ ಮೇಲಿನ ಆಸ್ಪತ್ರೆಗೆ ಕಳುಹಿಸಿ.

ನಮ್ಮಂಥ ಕಡೆ ಕಲ್ಚರ್ ಕೆಡುವುದು ಹೆಚ್ಚಾಗಿ ದಾರಿಯಲ್ಲೇ. ಬೆಳಗ್ಗೆ ಹಿಡಿದ ಮೂತ್ರ ಮಧ್ಯಾಹ್ನದ ಬಸ್ಸಿನವರೆಗೆ ಕಿಟಕಿಯ ಬಳಿ ಕೂತರೆ ಒಂದೆರಡು ಕ್ರಿಮಿಗಳೂ ಲಕ್ಷವಾಗುತ್ತವೆ. ವರದಿಯಲ್ಲಿ ಹಲವು ಕ್ರಿಮಿಗಳು ಒಟ್ಟಿಗೆ ಬಂದರೆ ಮೊದಲು ಮಾದರಿಯ ಮೇಲೆ ಅನುಮಾನ ಪಡಿ. ಎರಡು ಗಂಟೆಯೊಳಗೆ ಲ್ಯಾಬ್ ತಲುಪದಿದ್ದರೆ ಫ್ರಿಜ್, ದಾರಿಗೆ ಐಸ್‌ಪ್ಯಾಕ್ ಇಟ್ಟ ಡಬ್ಬಿ. ಡಬ್ಬಿಯ ಮೇಲೆ ಮಾದರಿ ಹಿಡಿದ ಸಮಯ ಬರೆದಿರಬೇಕು.

ಪುಟದ ಕೆಳಗೆ 48 ಗಂಟೆಯ ಮರುಪರಿಶೀಲನೆಗೊಂದು ಚೌಕ ಇರಲಿ: ಜ್ವರ ಇಳಿಯಿತೇ, ವರದಿ ಬಂತೇ, ಔಷಧವನ್ನು ಕಿರಿದಾಗಿಸಬಹುದೇ. ಅಜ್ಜಿಗೆ ಮೂರನೇ ದಿನವೂ ಜ್ವರವಿದ್ದರೆ ಇನ್ನೊಂದು ಬಲವಾದ ಆಂಟಿಬಯಾಟಿಕ್ ಸೇರಿಸುವ ಮುನ್ನ ಅಲ್ಟ್ರಾಸೌಂಡ್ ಮಾಡಿ. ಕಲ್ಲು ಅಡ್ಡವಿದ್ದರೆ ಔಷಧವೊಂದೇ ಗೆಲ್ಲದು.

ಸ್ಥಳೀಯ ಎಚ್ಚರಿಕೆ ಸಿಗುವುದೂ ಈ ಚೌಕದಿಂದಲೇ. ಒಂದೇ ಕ್ರಿಮಿಯ 30 ವರದಿಗಳಾದರೂ ಇಲ್ಲದೆ ಪ್ರತಿರೋಧದ ಶೇಕಡಾವಾರು ನಂಬಲಾಗದು. ಸಣ್ಣ ಆಸ್ಪತ್ರೆಯೊಂದಕ್ಕೇ ವರ್ಷದಲ್ಲಿ ಅಷ್ಟು ಸೇರುವುದು ಕಷ್ಟ. ಮೂರೂ ತಾಲ್ಲೂಕುಗಳು ಇ. ಕೋಲಿ ವರದಿಗಳನ್ನು ಒಂದೇ ರಿಜಿಸ್ಟರಿಗೆ ಸೇರಿಸಲಿ. ಅದರಲ್ಲಿ ನೈಟ್ರೊಫ್ಯುರಾಂಟಾಯಿನ್‌ಗೆ ಬಗ್ಗದವು ಐದರಲ್ಲೊಂದಾದ ದಿನವೇ ಗೋಡೆಯ ಪುಟ ಬದಲಾಗಬೇಕು.