ಮೊದಲ ಮಾರಾಟಕ್ಕೆ ಮುಂಚಿನ ಖರ್ಚು: ಸಜ್ಜಾದ ದಿನದ ಪ್ರಶ್ನೆ

ಉದ್ಯಮವೊಂದು ಮೊದಲ ರೂಪಾಯಿಯನ್ನು ಗಳಿಸುವ ಮುನ್ನ ಮಾಡುವ ಖರ್ಚನ್ನು ಲೆಕ್ಕದಲ್ಲಿ ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ವ್ಯವಹಾರಸ್ಥರು ಸಾಮಾನ್ಯವಾಗಿ ಮೊದಲ ಮಾರಾಟದ ದಿನವನ್ನೇ ಗಡಿಯೆಂದು ಭಾವಿಸಿ ಉತ್ತರ ಹುಡುಕುತ್ತಾರೆ. ಅದಕ್ಕೆ ಹಿಂದಿನದೆಲ್ಲ ಬಂಡವಾಳ ವೆಚ್ಚ, ಮುಂದಿನದೆಲ್ಲ ನಿತ್ಯದ ಖರ್ಚು ಎಂಬುದು ಆ ತಿಳಿವಳಿಕೆಯ ಸಾರ. ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಈ ಗಡಿಗೆ ಬೆಲೆಯಿಲ್ಲ. ಅಲ್ಲಿ ನಿರ್ಣಾಯಕವಾಗುವುದು ಉದ್ಯಮವು ಕೆಲಸ ಆರಂಭಿಸಲು ಸಜ್ಜಾದ ದಿನ, ಮತ್ತು ಆ ದಿನವು ಮೊದಲ ಮಾರಾಟಕ್ಕಿಂತ ವಾರಗಳಷ್ಟು, ಕೆಲವೊಮ್ಮೆ ತಿಂಗಳುಗಳಷ್ಟು ಮುಂಚೆಯೇ ಬಂದುಹೋಗಿರುತ್ತದೆ.

ಲೆಕ್ಕಪುಸ್ತಕದ ನಿಯಮ ಮತ್ತು ತೆರಿಗೆಯ ನಿಯಮ ಬೇರೆ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಭಾರತೀಯ ಲೆಕ್ಕಪತ್ರ ಮಾನದಂಡಗಳ ಪ್ರಕಾರ ಕಟ್ಟಡ, ಯಂತ್ರಗಳಂಥ ಆಸ್ತಿಯನ್ನು ಬಳಕೆಗೆ ತರಲು ನೇರವಾಗಿ ತಗಲಿದ ಖರ್ಚು ಮಾತ್ರ ಆ ಆಸ್ತಿಯ ಬೆಲೆಗೆ ಸೇರುತ್ತದೆ. ಕಂಪನಿ ಸ್ಥಾಪನೆ, ನೌಕರರ ತರಬೇತಿ, ಆರಂಭದ ಜಾಹೀರಾತು ಇವುಗಳಿಗೆ ಆದ ವೆಚ್ಚವನ್ನು ಆದ ವರ್ಷದಲ್ಲೇ ಲಾಭ-ನಷ್ಟ ಖಾತೆಗೆ ಬರೆಯಬೇಕು. ಹಿಂದೆ ಇಂಥ ಮೊತ್ತಗಳನ್ನು ಅಢಾವೆ ಪತ್ರದಲ್ಲಿ 'ಇನ್ನೂ ವಜಾ ಮಾಡದ ಇತರೆ ವೆಚ್ಚ' ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಹೊತ್ತು ತರುವ ವಾಡಿಕೆಯಿತ್ತು. ಮಾರಿದರೆ ಏನೂ ಬಾರದ ವಸ್ತುವನ್ನು ಆಸ್ತಿಯ ಸಾಲಿನಲ್ಲಿ ನಿಲ್ಲಿಸುವ ಆ ವಾಡಿಕೆ ಸಣ್ಣ ಕಂಪನಿಗಳ ಲೆಕ್ಕದಲ್ಲಿ ಇಂದಿಗೂ ಅಲ್ಲಲ್ಲಿ ಕಾಣುತ್ತದಾದರೂ ಅದಕ್ಕೆ ಈಗ ಆಧಾರವಿಲ್ಲ. ಆದರೆ ಪುಸ್ತಕದಲ್ಲಿ ಖರ್ಚೆಂದು ಬರೆದ ಮಾತ್ರಕ್ಕೆ ತೆರಿಗೆಯ ಲೆಕ್ಕದಲ್ಲೂ ಅದನ್ನು ಆದಾಯದಿಂದ ಕಳೆಯಬಹುದು ಎಂದಾಗುವುದಿಲ್ಲ.

ತೆರಿಗೆಯ ದೃಷ್ಟಿಯಲ್ಲಿ ಹೊಸ ಉದ್ಯಮದ ಮೊದಲ ವರ್ಷವು ಅದು ಸ್ಥಾಪಿತವಾದ, ಅಂದರೆ ಕೆಲಸಕ್ಕೆ ಸಜ್ಜಾದ, ದಿನದಿಂದ ಶುರುವಾಗುತ್ತದೆ. 1961ರ ಕಾಯಿದೆಯ 3ನೇ ಕಲಮಿನ ಈ ತತ್ತ್ವ, 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ಬಂದಿರುವ 2025ರ ಕಾಯಿದೆಯಲ್ಲಿಯೂ 'ತೆರಿಗೆ ವರ್ಷ'ದ ವ್ಯಾಖ್ಯೆಯೊಳಗೆ ಉಳಿದಿದೆ. ಸ್ಥಾಪಿತವಾಗುವುದಕ್ಕೂ ವಹಿವಾಟು ಆರಂಭವಾಗುವುದಕ್ಕೂ ನಡುವೆ ಅಂತರವಿರಬಹುದೆಂದೂ, ಆ ಅಂತರದಲ್ಲಿ ಆದ ನಿತ್ಯದ ಖರ್ಚನ್ನು ಆದಾಯದಿಂದ ಕಳೆಯಬಹುದೆಂದೂ ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು 1954ರಲ್ಲಿಯೇ ಹೇಳಿತು. ಮುಂದೆ ಸೌರಾಷ್ಟ್ರ ಸಿಮೆಂಟ್ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟು, ಉದ್ಯಮವೆಂದರೆ ಒಂದರ ಹಿಂದೊಂದು ನಡೆಯುವ ಹಲವು ಕೆಲಸಗಳ ಸರಣಿಯಾದುದರಿಂದ ಸುಣ್ಣದ ಕಲ್ಲನ್ನು ತೆಗೆಯುವ ಮೊದಲ ಕೆಲಸ ಶುರುವಾದಾಗಲೇ ಸಿಮೆಂಟಿನ ಉದ್ಯಮ ಶುರುವಾದಂತೆ ಎಂದು ಒಪ್ಪಿತು. ಮಾರಾಟವು ಆ ಸರಣಿಯ ಕೊನೆಯ ಕೊಂಡಿ ಮಾತ್ರ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ತೆಗೆಯಲೆಂದು 2024ರ ಜೂನಿನಲ್ಲಿ ಖಾಸಗಿ ಕಂಪನಿಯೊಂದು ನೋಂದಣಿಯಾಗುತ್ತದೆ ಎಂದಿಟ್ಟುಕೊಳ್ಳೋಣ. ಯೋಜನಾ ವರದಿ ಹಾಗೂ ಮಾರುಕಟ್ಟೆ ಸಮೀಕ್ಷೆಗೆ 3 ಲಕ್ಷ, ನೋಂದಣಿ ಶುಲ್ಕಕ್ಕೂ ಕಂಪನಿಯ ಸ್ಥಾಪನಾ ದಸ್ತಾವೇಜುಗಳಿಗೂ 1 ಲಕ್ಷ, ಶೆಡ್ಡಿಗೆ 40 ಲಕ್ಷ, ಯಂತ್ರಗಳಿಗೆ 55 ಲಕ್ಷ ರೂಪಾಯಿ ಆಗುತ್ತದೆ. ಯಂತ್ರ ಮತ್ತು ಶೆಡ್ಡಿಗೆಂದು ತೆಗೆದ ಸಾಲದ ಮೇಲೆ, ಅವು ಬಳಕೆಗೆ ಬರುವವರೆಗಿನ ಬಡ್ಡಿ 4 ಲಕ್ಷ. ಡಿಸೆಂಬರ್ ಕೊನೆಯ ಪರೀಕ್ಷಾರ್ಥ ಓಟಕ್ಕೆ ಕೊಬ್ಬರಿ, ವಿದ್ಯುತ್ ಸೇರಿ 3 ಲಕ್ಷ ತಗಲಿ, ಆಗ ಬಂದ ಎಣ್ಣೆ ಮತ್ತು ಹಿಂಡಿಯಿಂದ 2 ಲಕ್ಷ ವಾಪಸಾಗುತ್ತದೆ. 2025ರ ಜನವರಿ 1ಕ್ಕೆ ಘಟಕ ಸಜ್ಜಾಗುತ್ತದೆ. ವಹಿವಾಟಿನ ಮೊದಲ ಮಾರಾಟ ನಡೆಯುವುದು ಫೆಬ್ರವರಿ 20ಕ್ಕೆ. ಕಚೇರಿಯ ಬಾಡಿಗೆ, ಗುಮಾಸ್ತರ ಸಂಬಳ, ಪ್ರಚಾರ ಇವಕ್ಕೆ ಜನವರಿ 1ಕ್ಕೆ ಮುನ್ನ 5 ಲಕ್ಷ, ಆ ದಿನದಿಂದ ಫೆಬ್ರವರಿ 20ರವರೆಗೆ 3 ಲಕ್ಷ ಖರ್ಚಾಗಿದೆ.

ಶೆಡ್ಡು, ಯಂತ್ರ, ಬಡ್ಡಿ ಮತ್ತು ಪರೀಕ್ಷಾರ್ಥ ಓಟದ ನಿವ್ವಳ 1 ಲಕ್ಷ ಸೇರಿ 1 ಕೋಟಿ ರೂಪಾಯಿ ಆಸ್ತಿಯ ಬೆಲೆಯಾಗುತ್ತದೆ. ಅದರ ಮೇಲೆ ವರ್ಷವರ್ಷವೂ ಸವಕಳಿ, ಅಂದರೆ ಸವೆತಕ್ಕೆ ಸಲ್ಲುವ ಕಳೆತ, ಸಿಗುತ್ತದೆ. ಉತ್ಪಾದನೆಗೆ ಮುಂಚಿನ ಬಡ್ಡಿಯನ್ನು ಹೀಗೆ ಆಸ್ತಿಗೆ ಸೇರಿಸಬಹುದೆಂಬುದನ್ನು ಸುಪ್ರೀಂ ಕೋರ್ಟು ಚಳ್ಳಪಲ್ಲಿ ಶುಗರ್ಸ್ ಪ್ರಕರಣದಲ್ಲಿ ಸ್ಥಿರಪಡಿಸಿದೆ. ವರದಿ, ಸಮೀಕ್ಷೆ, ನೋಂದಣಿಗಳ 4 ಲಕ್ಷವು 1961ರ ಕಾಯಿದೆಯ 35ಡಿ ಕಲಮಿನ 'ಪ್ರಾಥಮಿಕ ವೆಚ್ಚ'ದ ಪಟ್ಟಿಗೆ ಬರುವುದರಿಂದ, ನಿಗದಿತ ವಿವರಪಟ್ಟಿ ಸಲ್ಲಿಸಿದರೆ, ವಹಿವಾಟು ಆರಂಭವಾದ ವರ್ಷದಿಂದ ಐದು ಸಮ ಕಂತುಗಳಲ್ಲಿ, ವರ್ಷಕ್ಕೆ 80,000 ರೂಪಾಯಿಯಂತೆ ಕಳೆಯಬಹುದು. ಸಜ್ಜಾದ ಮೇಲಿನ 3 ಲಕ್ಷ, ಒಂದು ತೊಟ್ಟು ಎಣ್ಣೆಯೂ ಮಾರಾಟವಾಗಿರದಿದ್ದರೂ, ಪೂರ್ತಿಯಾಗಿ ಅದೇ ವರ್ಷ ಕಳೆಯತಕ್ಕ ಖರ್ಚು. ಅದರಿಂದ ನಷ್ಟವಾದರೆ ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿರಬೇಕು.

ಉಳಿಯುವುದು ಸಜ್ಜಾಗುವ ಮುನ್ನಿನ 5 ಲಕ್ಷ. ಅದರಲ್ಲಿ ಕಟ್ಟಡದ ಕೆಲಸವನ್ನೋ ಯಂತ್ರ ಜೋಡಣೆಯನ್ನೋ ನೋಡಿಕೊಂಡವರ ಸಂಬಳದಂಥ ಭಾಗವಿದ್ದರೆ ಅದು ಆಸ್ತಿಗೆ ಸೇರೀತು. ಕಚೇರಿಯ ಬಾಡಿಗೆ, ಪ್ರಚಾರದ ಹಣ ಇವು ಆಸ್ತಿಗೂ ಅಂಟುವುದಿಲ್ಲ, 35ಡಿಯ ಪಟ್ಟಿಯಲ್ಲೂ ಇಲ್ಲ, ಸಜ್ಜಾದ ದಿನಕ್ಕೆ ಮುಂಚಿನವಾದುದರಿಂದ ನಿತ್ಯದ ಖರ್ಚೂ ಅಲ್ಲ. ಹೀಗಾಗಿ ತೆರಿಗೆಯ ಲೆಕ್ಕದಿಂದ ಅವು ಶಾಶ್ವತವಾಗಿ ಬಿದ್ದುಹೋಗುತ್ತವೆ. ಬಂಡವಾಳವೋ ಖರ್ಚೋ ಎಂಬ ಎರಡೇ ಬಾಗಿಲುಗಳ ಚರ್ಚೆಯಲ್ಲಿ ಮರೆಯಾಗುವುದು ಯಾವ ಬಾಗಿಲೂ ಇಲ್ಲದ ಈ ಮೊತ್ತವೇ. ಅಮೆರಿಕದ ಕಾನೂನು ಇಲ್ಲಿ ಹೆಚ್ಚು ಉದಾರ: ನಡೆಯುತ್ತಿರುವ ಉದ್ಯಮವೊಂದು ಮಾಡಿದ್ದರೆ ಕಳೆಯಬಹುದಾಗಿದ್ದಂಥ ಆರಂಭಪೂರ್ವ ಖರ್ಚನ್ನು ಅಲ್ಲಿ, ಒಟ್ಟು 50,000 ಡಾಲರ್ ಮೀರದಿದ್ದರೆ, 5,000 ಡಾಲರಿನಷ್ಟು ಮೊದಲ ವರ್ಷದಲ್ಲೇ ಕಳೆದು, ಉಳಿದುದನ್ನು 180 ತಿಂಗಳುಗಳಲ್ಲಿ ಹಂಚಬಹುದು. ಖರ್ಚಿನ ಹೆಸರುಗಳನ್ನು ಪಟ್ಟಿ ಮಾಡುವುದಕ್ಕಿಂತ ಖರ್ಚಿನ ಸ್ವಭಾವವನ್ನು ನೋಡುವ ಆ ವಿಧಾನವೇ ನ್ಯಾಯಕ್ಕೆ ಹತ್ತಿರವಾದುದು. ಭಾರತದ ಪಟ್ಟಿಗೆ ಬೇರೆ ಬಾಬುಗಳನ್ನು ನಿಯಮದ ಮೂಲಕ ಸೇರಿಸುವ ಅಧಿಕಾರ ಕಾಯಿದೆಯೊಳಗೇ ಇರುವಾಗ, ಕೊರತೆ ಅಧಿಕಾರದ್ದಲ್ಲ.

35ಡಿಗೆ ಒಂದು ಮಿತಿಯೂ ಇದೆ. ಕಳೆಯಬಹುದಾದ ಒಟ್ಟು ಪ್ರಾಥಮಿಕ ವೆಚ್ಚವು ಯೋಜನೆಯ ಬೆಲೆಯ, ಅಂದರೆ ಸ್ಥಿರಾಸ್ತಿ, ಯಂತ್ರ, ಪೀಠೋಪಕರಣಗಳ ಬೆಲೆಯ, ಶೇಕಡಾ 5ನ್ನು ಮೀರಬಾರದು. ಎಣ್ಣೆಯ ಕಂಪನಿಗೆ ಈ ಮಿತಿ 5 ಲಕ್ಷವಾದುದರಿಂದ ತೊಂದರೆಯಿಲ್ಲ. ಕೆಲವು ಕಂಪ್ಯೂಟರು, ಮೇಜು-ಕುರ್ಚಿಗಳಷ್ಟೇ ಆಸ್ತಿಯಾಗಿರುವ ಸಾಫ್ಟ್‌ವೇರ್ ಉದ್ಯಮದಲ್ಲಿ ಆ ಬೆಲೆ 20 ಲಕ್ಷವಿದ್ದರೆ ಮಿತಿ 1 ಲಕ್ಷಕ್ಕೆ ಇಳಿಯುತ್ತದೆ. ಭಾರತೀಯ ಕಂಪನಿಯಾದರೆ, ಷೇರು ಬಂಡವಾಳ, ಡಿಬೆಂಚರು ಮತ್ತು ದೀರ್ಘಾವಧಿ ಸಾಲಗಳು ಸೇರಿದ ತೊಡಗಿಸಿದ ಬಂಡವಾಳವನ್ನು ಆಧಾರವಾಗಿ ಆರಿಸಿಕೊಂಡು ಇದರಿಂದ ಪಾರಾಗಬಹುದು; ಪಾಲುದಾರಿಕೆ ಸಂಸ್ಥೆಗೆ ಆ ಆಯ್ಕೆ ಇಲ್ಲ.

ಸಜ್ಜಾದ ದಿನ ಯಾವುದೆಂಬುದು ಪ್ರತಿ ಉದ್ಯಮದಲ್ಲೂ ಸಂಗತಿಗಳಿಂದ ತೀರ್ಮಾನವಾಗುವ ವಿಷಯವಾದುದರಿಂದ ವಿವಾದವೆದ್ದಾಗ ಕಾಗದಗಳೇ ಮಾತಾಡಬೇಕಾಗುತ್ತದೆ. ವಿದ್ಯುತ್ ಸಂಪರ್ಕದ ಪತ್ರ, ಆಹಾರ ಪರವಾನಗಿ, ಪರೀಕ್ಷಾರ್ಥ ಓಟ ಮುಗಿದ ದಾಖಲೆ, ನಿಯಮಿತ ಉತ್ಪಾದನೆಗೆಂದು ಕೊಂಡ ಕೊಬ್ಬರಿಯ ಮೊದಲ ಬಿಲ್ಲು ಇವುಗಳಲ್ಲಿ ಜನವರಿ 1ರ ಆಸುಪಾಸಿನ ತಾರೀಖುಗಳಿದ್ದರೆ ಆ 3 ಲಕ್ಷ ಉಳಿಯುತ್ತದೆ. ಮೊದಲ ಮಾರಾಟದ ರಸೀದಿಯನ್ನು ಮಾತ್ರ ಜೋಪಾನ ಮಾಡಿದ ಕಂಪನಿ ಆ 3 ಲಕ್ಷವನ್ನೂ ಮುಂಚಿನ 5 ಲಕ್ಷದ ಜೊತೆಗೆ ಕಳೆದುಕೊಳ್ಳಬೇಕಾದೀತು.